ರೋಬಸ್ಟಾ ಚೆರ್ರಿಗೆ ಸಿಗುವ ಹಣ: ಹಣ್ಣಿನ ತೂಕದಿಂದ ಒಟಿವರೆಗೆ ಲೆಕ್ಕ ಹಾಕುವ ಬಗೆ

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ರೋಬಸ್ಟಾ ಕಾಫಿಯ ಹಣ್ಣನ್ನು ಕಣದಲ್ಲಿ ಒಣಗಿಸಿ, ಸಿಪ್ಪೆ ಸಮೇತ ಚೀಲಕ್ಕೆ ತುಂಬಿ ಮಾರುತ್ತಾರೆ. ಹೀಗೆ ಸಿಪ್ಪೆ ಸಮೇತ ಒಣಗಿದ್ದಕ್ಕೇ ಚೆರ್ರಿ ಎನ್ನುವುದು. ವ್ಯಾಪಾರಿಯ ಹತ್ತಿರ ಹೋದಾಗ ಮೊದಲು ಕೇಳುವ ಪ್ರಶ್ನೆ 'ಇವತ್ತು ಚೀಲಕ್ಕೆ ಎಷ್ಟು' ಎಂಬುದು. ಆದರೆ ಅಂಗಡಿಯಲ್ಲಿ ಕೊಡುವ ಹಣ ಚೀಲದ ತೂಕದ ಮೇಲೆ ನಿಂತಿಲ್ಲ. ಆ ಚೀಲದೊಳಗೆ ಎಷ್ಟು ಕಿಲೋ ಬೀಜ ಇದೆ ಎಂಬುದರ ಮೇಲೆ ನಿಂತಿದೆ. ಆ ಸಂಖ್ಯೆ ವ್ಯಾಪಾರಿಯ ಬಾಯಿಂದಲೇ ಮೊದಲು ಬಂದರೆ ಚೌಕಾಸಿಗೆ ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಅದನ್ನು ಮನೆಯಲ್ಲೇ ತಿಳಿದುಕೊಂಡು ಹೋಗುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಉದಾಹರಣೆಗೆ ಒಂದೇ ತೋಟದ ಲೆಕ್ಕವನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಒಟ್ಟು ಕೊಯ್ದ ರೋಬಸ್ಟಾ ಹಣ್ಣು 6000 ಕಿಲೋ. ದರಗಳನ್ನು ಲೆಕ್ಕ ಸುಲಭವಾಗಲಿ ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ಊರಿನ ಇವತ್ತಿನ ದರ ಹಾಕಿಕೊಂಡು ಅದೇ ಹೆಜ್ಜೆಗಳಲ್ಲಿ ಹೋಗಬಹುದು.

ಒಟಿ ಅಂದರೆ ಏನು ಅಳೆಯುತ್ತಾರೆ

ಒಟಿ ಅಂದರೆ ಔಟ್‌ಟರ್ನ್. 50 ಕಿಲೋ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಬರುತ್ತದೋ ಅದೇ ಒಟಿ. 27 ಕಿಲೋ ಬಂದರೆ ಒಟಿ 27. ರೋಬಸ್ಟಾ ಚೆರ್ರಿಯಲ್ಲಿ ಇದು ಸಾಮಾನ್ಯವಾಗಿ 25ರಿಂದ 28ರ ಆಸುಪಾಸಿನಲ್ಲಿ ಇರುತ್ತದೆ.

ಪಾಯಿಂಟ್ ದರ ಎಂದು ಹೇಳುವುದು ಆ ಒಂದೊಂದು ಕಿಲೋ ಬೀಜಕ್ಕೆ ಕೊಡುವ ಬೆಲೆ. ಪಾಯಿಂಟಿಗೆ 400 ರೂಪಾಯಿ, ಒಟಿ 27 ಅಂದರೆ ಚೀಲಕ್ಕೆ 10,800 ರೂಪಾಯಿ. ಅದೇ ದರಕ್ಕೆ ಒಟಿ 25 ಆದರೆ ಚೀಲಕ್ಕೆ 10,000. ಎರಡೂ ಚೀಲ ತಕ್ಕಡಿಯಲ್ಲಿ 50 ಕಿಲೋನೇ ತೂಗುತ್ತವೆ. ಆದರೂ 800 ರೂಪಾಯಿ ವ್ಯತ್ಯಾಸ. ಹಾಗಾಗಿ ಯಾರಾದರೂ ಬರೀ 'ಚೀಲಕ್ಕೆ ಇಷ್ಟು' ಎಂದು ದರ ಹೇಳಿದರೆ, ಅದು ಯಾವ ಒಟಿಗೆ ಹೇಳಿದ ದರ ಎಂದು ಕೇಳಲೇಬೇಕು. 28 ಒಟಿಯ ಚೀಲದ ದರ ಕೇಳಿ ಖುಷಿಯಾಗಿ ಹೋದವರಿಗೆ ಅಂಗಡಿಯಲ್ಲಿ 26ರ ಹಣ ಸಿಗುವುದು ಹೀಗೇ.

ಮೊದಲ ತೂಕ: ಹಣ್ಣು

ಕೊಯ್ಲಿನವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ಹಣ್ಣಿನ ತೂಕ ದಿನವೂ ಬರೆದೇ ಇರುತ್ತದೆ. ಆ ಪುಸ್ತಕವನ್ನು ಕೂಲಿ ಬಟವಾಡೆ ಆದ ಮೇಲೆ ಮೂಲೆಗೆ ಎಸೆಯಬೇಡಿ. ಕಣಕ್ಕೆ ಎಷ್ಟು ಹೋಯಿತು, ಕಣದಿಂದ ಎಷ್ಟು ಬಂತು ಎಂದು ಹೋಲಿಸಲು ಇರುವ ಆಧಾರ ಅದೊಂದೇ.

ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಹಣ್ಣಿನ ಮೈಮೇಲಿನ ನೀರು, ಜೊತೆಗೆ ಬಂದ ಎಲೆ, ಕಡ್ಡಿ, ತೊಟ್ಟು ಎಲ್ಲವೂ ಆ ತೂಕದಲ್ಲಿ ಸೇರಿರುತ್ತವೆ. ಅದಕ್ಕೆ ಕೂಲಿಯನ್ನೂ ಕೊಟ್ಟಿರುತ್ತೀರಿ. ಕಣಕ್ಕೆ ಹಾಕುವ ಮುಂಚೆ ಕಸ ಆರಿಸಿ, ಆರಿಸಿದ ಮೇಲಿನ ತೂಕವನ್ನು ಇನ್ನೊಂದು ಕಾಲಂನಲ್ಲಿ ಬರೆದಿಡಿ. ಮುಂದಿನ ಲೆಕ್ಕಕ್ಕೆ ಬೇಕಾಗಿರುವುದು ಈ ಎರಡನೇ ಸಂಖ್ಯೆ. ನಮ್ಮ ಉದಾಹರಣೆಯ 6000 ಕಿಲೋ ಹೀಗೆ ಕಸ ತೆಗೆದ ಮೇಲಿನ ತೂಕ.

ಎರಡನೇ ತೂಕ: ಕಣದಲ್ಲಿ ಹೋಗುವುದು ಎಷ್ಟು

ಹಣ್ಣಾದ ರೋಬಸ್ಟಾದಲ್ಲಿ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ನೀರೇ ಇರುತ್ತದೆ. ನಾವು 65 ಪರ್ಸೆಂಟ್ ಎಂದು ಇಟ್ಟುಕೊಳ್ಳೋಣ. ಅಂದರೆ 100 ಕಿಲೋ ಹಣ್ಣಿನಲ್ಲಿ 35 ಕಿಲೋ ಮಾತ್ರ ಗಟ್ಟಿ ಪದಾರ್ಥ. ಕಣದಲ್ಲಿ ಎಷ್ಟೇ ದಿನ ಇಟ್ಟರೂ ಆ 35 ಕಿಲೋ ಹಾಗೇ ಇರುತ್ತದೆ. ಹೋಗುವುದು ನೀರು. ಇದೊಂದು ಮಾತು ಮನಸ್ಸಿನಲ್ಲಿದ್ದರೆ ಉಳಿದ ಲೆಕ್ಕ ಎಲ್ಲ ಸಲೀಸು.

ರೋಬಸ್ಟಾ ಚೆರ್ರಿಯನ್ನು 11 ಪರ್ಸೆಂಟ್ ತೇವಕ್ಕೆ ಒಣಗಿಸಬೇಕು ಎಂಬುದು ಕಾಫಿ ಮಂಡಳಿಯ ಸಲಹೆ. 11 ಪರ್ಸೆಂಟ್ ನೀರು ಉಳಿದಿದೆ ಅಂದರೆ ಗಟ್ಟಿ ಪದಾರ್ಥ 89 ಪರ್ಸೆಂಟ್. 35 ಅನ್ನು 89ರಿಂದ ಭಾಗಿಸಿ 100ರಿಂದ ಗುಣಿಸಿದರೆ 39.3 ಬರುತ್ತದೆ. 100 ಕಿಲೋ ಹಣ್ಣು ಸರಿಯಾಗಿ ಒಣಗಿದಾಗ 39.3 ಕಿಲೋ ಒಣ ಚೆರ್ರಿ.

ನಮ್ಮ 6000 ಕಿಲೋಗೆ ಗಟ್ಟಿ ಪದಾರ್ಥ 2100 ಕಿಲೋ. 11 ಪರ್ಸೆಂಟಿಗೆ ಒಣಗಿದಾಗ ತೂಕ ಸುಮಾರು 2360 ಕಿಲೋ, ಅಂದರೆ 47.2 ಚೀಲ. ಮೂರೂವರೆ ಟನ್‌ಗಿಂತ ಜಾಸ್ತಿ ನೀರು ಗಾಳಿಗೆ ಹೋಯಿತು. ಇದನ್ನು ನಷ್ಟ ಎಂದು ಕರೆಯುವುದು ಸರಿಯಲ್ಲ. ಆ ನೀರಿಗೆ ಯಾರೂ ಹಣ ಕೊಡುತ್ತಿರಲಿಲ್ಲ. ನಿಜವಾದ ನಷ್ಟ ಇರುವುದು ಇದರ ನಂತರದ ಎರಡು ಮೂರು ದಿನಗಳಲ್ಲಿ.

ಆ ದಿನಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾಫಿ 11 ಪರ್ಸೆಂಟಿಗೆ ಬಂದಿದೆ. ಆದರೆ ಆಳು ಸಿಗಲಿಲ್ಲ ಎಂದೋ, 'ಇನ್ನೂ ಎರಡು ಬಿಸಿಲು ಕಾಣಲಿ' ಎಂದೋ ಕಣದಲ್ಲೇ ಬಿಟ್ಟಿರಿ. ಫೆಬ್ರವರಿಯ ಬಿಸಿಲಿಗೆ ಅದು 8 ಪರ್ಸೆಂಟಿಗೆ ಇಳಿಯಿತು. ಗಟ್ಟಿ ಪದಾರ್ಥ ಅದೇ 2100 ಕಿಲೋ. ಈಗ ಅದು ಒಟ್ಟು ತೂಕದ 92 ಪರ್ಸೆಂಟ್. ತೂಕ 2283 ಕಿಲೋ. 77 ಕಿಲೋ ಕಡಿಮೆ, ಅಂದರೆ ಒಂದೂವರೆ ಚೀಲ ಮಾಯ. ಒಟಿ ಇಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಸಿಪ್ಪೆ, ಬೀಜ ಎರಡೂ ಒಟ್ಟಿಗೆ ಒಣಗಿರುವುದರಿಂದ ಒಟಿ ಹೆಚ್ಚು ಕಡಿಮೆ 27ರಲ್ಲೇ ನಿಂತಿರುತ್ತದೆ. ಚೀಲಗಳ ಸಂಖ್ಯೆ ಮಾತ್ರ ಕಡಿಮೆಯಾಗಿರುತ್ತದೆ.

ಹಣದಲ್ಲಿ ಹೇಳುವುದಾದರೆ, 47.2 ಚೀಲ, ಒಟಿ 27, ಪಾಯಿಂಟಿಗೆ 400 ಎಂದರೆ 5,09,760 ರೂಪಾಯಿ. 8 ಪರ್ಸೆಂಟಿಗೆ ಒಣಗಿಸಿದ್ದರೆ 45.65 ಚೀಲ, 4,93,020 ರೂಪಾಯಿ. ಸುಮಾರು 16,700 ರೂಪಾಯಿ ಬಿಸಿಲಿಗೆ ಹೋಯಿತು. ತೇವ 9 ಇದೆ, 8 ಇದೆ ಎಂದು ಯಾವ ವ್ಯಾಪಾರಿಯೂ ಮೇಲೆ ಸೇರಿಸಿ ಕೊಡುವುದಿಲ್ಲ. ಜೊತೆಗೆ ಅತಿಯಾಗಿ ಒಣಗಿದ ಬೀಜ ಸಿಪ್ಪೆ ತೆಗೆಯುವ ಹಲ್ಲರ್‌ನಲ್ಲಿ ಸುಲಭವಾಗಿ ಒಡೆಯುತ್ತದೆ. ಚೂರು ಜಾಸ್ತಿಯಾದರೆ ಗ್ರೇಡಿನಲ್ಲೂ ಪೆಟ್ಟು.

ಎಲ್ಲಿ ನಿಲ್ಲಿಸಬೇಕು ಎಂದು ಕಣದಲ್ಲೇ ತಿಳಿಯುವುದು

ಹಳೆಯ ಪರೀಕ್ಷೆ ಎಲ್ಲರಿಗೂ ಗೊತ್ತು. ಒಂದು ಮುಷ್ಟಿ ಚೆರ್ರಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಇದು ಒಳ್ಳೆಯ ಪರೀಕ್ಷೆಯೇ. ಆದರೆ ಅದು ಹೇಳುವುದು 'ಹಸಿ ಇಲ್ಲ' ಎಂಬುದನ್ನು ಮಾತ್ರ. 11ರಲ್ಲೂ ಗಲಗಲ ಎನ್ನುತ್ತದೆ, 8ರಲ್ಲೂ ಎನ್ನುತ್ತದೆ. ಹಣ ಹೋಗುವುದು ಆ ಎರಡರ ನಡುವೆ.

ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕೆಯ ಕ್ರಮ ತೂಕದ್ದು. ಕಣಕ್ಕೆ ಹಾಕುವ ದಿನವೇ ಅದೇ ಕೊಯ್ಲಿನ 10 ಕಿಲೋ ಹಣ್ಣನ್ನು ಬೇರೆ ತೂಗಿ, ತಂತಿ ಜಾಲರಿಯ ಚೌಕಟ್ಟಿನಲ್ಲೋ ದೊಡ್ಡ ತಟ್ಟೆಯಲ್ಲೋ ತೆಳ್ಳಗೆ ಹರಡಿ ಕಣದ ನಡುವೆ ಇಡಿ. ಉಳಿದ ಕಾಫಿಯನ್ನು ಕೆದಕಿದಾಗ ಇದನ್ನೂ ಕೆದಕಿ. ರಾತ್ರಿ ರಾಶಿ ಮಾಡಿ ಟಾರ್ಪಲ್ ಮುಚ್ಚುವಾಗ ಇದನ್ನೂ ಒಳಗೆ ಇಡಿ. ಹತ್ತನೇ ದಿನದ ಹೊತ್ತಿನಿಂದ ಪ್ರತಿದಿನ ಸಂಜೆ ಅದೇ ಗಳಿಗೆಯಲ್ಲಿ ತೂಗಿ ಬರೆಯಿರಿ. ಮೊದಲೆಲ್ಲ ದಿನಕ್ಕೆ ನೂರಾರು ಗ್ರಾಂ ಇಳಿಯುತ್ತದೆ. ಕೊನೆಗೆ ಇಳಿತ ತೀರಾ ಸಣ್ಣದಾಗುತ್ತದೆ. ಎರಡು ಮೂರು ದಿನ ತೂಕ ಹೆಚ್ಚುಕಡಿಮೆ ನಿಂತರೆ ಒಣಗಿದೆ ಎಂದು ಅರ್ಥ.

ತೇವಮಾಪಕ ಒಂದು ಸಲ ಕೈಗೆ ಸಿಕ್ಕರೂ ಇದು ಇನ್ನೂ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮ ಉದಾಹರಣೆಯ ಹಣ್ಣಿಗೆ ಆ 10 ಕಿಲೋ 4.07 ಕಿಲೋಗೆ ಇಳಿದಾಗ ತೇವ 14 ಪರ್ಸೆಂಟ್. 3.93ಕ್ಕೆ ಬಂದಾಗ 11. 3.80 ಆದರೆ 8. ಅಂದರೆ 'ಇನ್ನೂ ಹಸಿ' ಎಂಬುದಕ್ಕೂ 'ಜಾಸ್ತಿ ಒಣಗಿತು' ಎಂಬುದಕ್ಕೂ ನಡುವೆ ಇರುವುದು 270 ಗ್ರಾಂ ಮಾತ್ರ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದನ್ನು ಸುಲಭವಾಗಿ ತೋರಿಸುತ್ತದೆ. ಕಣ್ಣು, ಕಿವಿ ತೋರಿಸುವುದಿಲ್ಲ.

ಒಂದು ಮಾತು ನೆನಪಿರಲಿ. ಈ 3.93 ಎಲ್ಲರ ಹಣ್ಣಿಗೂ ಹೊಂದುವುದಿಲ್ಲ. ಗಿಡದಲ್ಲೇ ಅರ್ಧ ಒಣಗಿ ಕಪ್ಪಾದ ಹಣ್ಣು ಬೆರೆತಿದ್ದರೆ ಸಂಖ್ಯೆ ಮೇಲಿರುತ್ತದೆ. ಮಳೆ ಬಂದ ಮರುದಿನ ಕೊಯ್ದಿದ್ದರೆ ಕೆಳಗಿರುತ್ತದೆ. ಹಾಗಾಗಿ ಮೊದಲ ಕೊಯ್ಲಿಗೆ ಒಂದು, ಕೊನೆಯ ಕೊಯ್ಲಿಗೆ ಒಂದು ತಟ್ಟೆ ಇಡುವುದು ಒಳ್ಳೆಯದು. ಮೀಟರಿನಲ್ಲಿ 11 ತೋರಿಸಿದ ದಿನ ತಟ್ಟೆಯ ತೂಕ ಎಷ್ಟಿತ್ತು ಎಂದು ಬರೆದಿಟ್ಟುಕೊಂಡರೆ ಅದು ನಿಮ್ಮ ತೋಟದ ಸಂಖ್ಯೆ.

ಒಣಗಿಸುವ ಕ್ರಮದ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಸುಮಾರು 8 ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚು ಹರಡಬೇಡಿ. ಗಂಟೆಗೊಮ್ಮೆ ಕೆದಕಿ. ರಾತ್ರಿ ಇಬ್ಬನಿ ತಾಗದಂತೆ ಮುಚ್ಚಿ. ಬೇರೆ ಬೇರೆ ದಿನದ ಹಣ್ಣನ್ನು ಒಂದೇ ರಾಶಿಗೆ ಬೆರೆಸಬೇಡಿ. ಬೆರೆಸಿದರೆ ಅರ್ಧ 8ರಲ್ಲಿ, ಅರ್ಧ 14ರಲ್ಲಿ ಇರುತ್ತದೆ. ಮೀಟರ್ ಸರಾಸರಿ 11 ಎಂದು ತೋರಿಸಿದರೂ ಹಸಿ ಇರುವ ಅರ್ಧ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ.

ಮೂರನೇ ತೂಕ: ಮನೆಯಲ್ಲೇ ಒಟಿ ನೋಡುವುದು

ಚೀಲ ತುಂಬುವಾಗಲೇ ಮಾದರಿ ತೆಗೆಯಿರಿ. ಪ್ರತಿ ಚೀಲದಿಂದ ಒಂದೊಂದು ಮುಷ್ಟಿ. ಮೊದಲ ನಾಲ್ಕು ಚೀಲದಿಂದ ಮಾತ್ರ ತೆಗೆದರೆ ಅದು ಆ ನಾಲ್ಕು ಚೀಲದ ಒಟಿ ಆಗುತ್ತದೆ, ನಿಮ್ಮ ಕಾಫಿಯದ್ದಲ್ಲ. ಎಲ್ಲವನ್ನೂ ಗೋಣಿಯ ಮೇಲೆ ಸುರಿದು ಚೆನ್ನಾಗಿ ಬೆರೆಸಿ. ರಾಶಿಯನ್ನು ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದನ್ನು ಚೀಲಕ್ಕೆ ವಾಪಸ್ ಹಾಕಿ. ಅರ್ಧ ಕಿಲೋ ಹತ್ತಿರ ಉಳಿಯುವವರೆಗೆ ಹೀಗೇ ಮಾಡಿ.

ಈಗ ಸರಿಯಾಗಿ 500 ಗ್ರಾಂ ತೂಗಿ. ಜೊಳ್ಳು, ಸಣ್ಣ ಕಾಯಿ ಎಂದು ಏನನ್ನೂ ಆರಿಸಿ ತೆಗೆಯಬೇಡಿ. ವ್ಯಾಪಾರಿ ಆರಿಸುವುದಿಲ್ಲ, ನೀವು ಆರಿಸಿದರೆ ನಿಮಗೆ ನೀವೇ ತಪ್ಪು ಲೆಕ್ಕ ಕೊಟ್ಟುಕೊಂಡಂತೆ. ಒರಳಿನಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿ, ಸಿಪ್ಪೆ ಪೂರ್ತಿ ತೆಗೆಯಿರಿ. ಒಡೆದ ಬೀಜವೂ ಬೀಜವೇ, ಅದನ್ನು ಗಾಳಿಗೆ ಹಾರಿಸಬೇಡಿ. ಉಳಿದ ಬೀಜವನ್ನು ಗ್ರಾಂನಲ್ಲಿ ತೂಗಿ 10ರಿಂದ ಭಾಗಿಸಿ. 270 ಗ್ರಾಂ ಬಂದರೆ ಒಟಿ 27. 263 ಬಂದರೆ 26.3. ಲೆಕ್ಕ ಅಷ್ಟೇ.

ಇದನ್ನು ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಮೂರರ ನಡುವೆ ಅರ್ಧ ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ರಾಶಿ ಸರಿಯಾಗಿ ಬೆರೆತಿಲ್ಲ ಎಂದು ಅರ್ಥ. ಸ್ವಲ್ಪ ತಾಳ್ಮೆ ಬೇಡುವ ಕೆಲಸ ನಿಜ. ಆದರೆ ನಮ್ಮ 47 ಚೀಲದಲ್ಲಿ ಅರ್ಧ ಪಾಯಿಂಟ್ ಅಂದರೆ 9,440 ರೂಪಾಯಿ. ಒಂದು ಮಧ್ಯಾಹ್ನ ಕೊಡಬಹುದು, ಅಲ್ವಾ?

ನಿಮ್ಮ ಮಾದರಿಯಲ್ಲಿ 27, ಅಂಗಡಿಯಲ್ಲಿ 26.7 ಬಂದರೆ ಜಗಳ ಆಡುವ ವಿಷಯವಲ್ಲ. ಮಾದರಿಯಿಂದ ಮಾದರಿಗೆ ಅಷ್ಟು ಬದಲಾಗುತ್ತದೆ. 26 ಅಥವಾ 25.5 ಎಂದರೆ ಮಾತ್ರ ಇನ್ನೊಮ್ಮೆ ತೆಗೆಯಲು ಕೇಳಿ. ಈ ಸಲ ಯಾವ ಚೀಲದಿಂದ ತೆಗೆಯಬೇಕು ಎಂದು ನೀವು ಹೇಳಿ. 26.8 ಬಂದದ್ದನ್ನು ಸುಮ್ನೆ 26.5 ಎಂದು ಬರೆಯುವುದನ್ನೂ ಒಪ್ಪಬೇಡಿ. ಆ 0.3ಕ್ಕೆ ನಮ್ಮ ಲೆಕ್ಕದಲ್ಲಿ 5,664 ರೂಪಾಯಿ ಬೆಲೆ ಇದೆ. ಹಾಗೆಯೇ ಖಾಲಿ ಗೋಣಿಗೆ ಎಷ್ಟು ಕಳೆಯುತ್ತಾರೆ ನೋಡಿ. ಹತ್ತು ಖಾಲಿ ಗೋಣಿ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ನಿಜ ಎಷ್ಟು ಎಂದು ಗೊತ್ತಾಗುತ್ತದೆ.

ಮನೆಯಲ್ಲೇ ಒಟಿ ಕಮ್ಮಿ ಬಂತು ಎಂದಿಟ್ಟುಕೊಳ್ಳಿ. ಕಾರಣವನ್ನು ಆ ಬೀಜವೇ ತೋರಿಸುತ್ತದೆ. ತಟ್ಟೆಯಲ್ಲಿ ಹರಡಿ ನೋಡಿ. ಸಿಪ್ಪೆಯೊಳಗೆ ಒಂದೇ ಬೀಜ ತುಂಬಿ, ಇನ್ನೊಂದು ಹಾಳೆಯಂತೆ ಸುರುಟಿಕೊಂಡಿದ್ದರೆ ಅದು ಕಾಳು ಕಟ್ಟುವಾಗ ಗಿಡಕ್ಕೆ ನೀರು ಸಾಲದೆ ಆದದ್ದು. ಆ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ ಇಂಥ ಜೊಳ್ಳು ಜಾಸ್ತಿ. ಬೀಜದಲ್ಲಿ ಸೂಜಿ ಚುಚ್ಚಿದಂಥ ತೂತು, ಒಳಗೆ ಪುಡಿ ಇದ್ದರೆ ಕಾಯಿಕೊರಕ. ಚಿಕ್ಕದಾಗಿ, ಸುಕ್ಕುಸುಕ್ಕಾಗಿ, ಕಪ್ಪಾಗಿ ಇದ್ದರೆ ಹಸಿರು ಕಾಯಿ ಸೇರಿಸಿ ಕೊಯ್ದದ್ದು. ಕೊನೆಯದಂತೂ ನಮ್ಮ ಕೈಯಲ್ಲೇ ಇರುವ ವಿಷಯ. ಗಿಡ ಸವರಿ ಕೊಯ್ದರೆ ಕೂಲಿ ಉಳಿಯಿತು ಎನಿಸುತ್ತದೆ. ಆದರೆ ಹಸಿರು ಕಾಯಿಗೂ ಹಣ್ಣಿಗೂ ಅದೇ ಕೂಲಿ ಕೊಟ್ಟಿರುತ್ತೀರಿ, ಕೊನೆಗೆ ಆ ಹಸಿರು ಕಾಯಿಯೇ ಒಟಿಯನ್ನು ಕೆಳಗೆ ಎಳೆಯುತ್ತದೆ.

ತೇವಕ್ಕೆ ಕಟ್ ಮಾಡಿದರೆ ನ್ಯಾಯ ಎಷ್ಟು

ಇಲ್ಲಿ ಬೆಳೆಗಾರರು ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅನಿಸಿಕೆ. ಕಾರಣ, ಕಟ್ ಮಾಡುವುದು ನ್ಯಾಯವೇ. ಎಷ್ಟು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ.

ನಮ್ಮ ಅದೇ ಕಾಫಿಯನ್ನು 14 ಪರ್ಸೆಂಟ್ ತೇವ ಇರುವಾಗಲೇ ಮಾರಲು ತಂದಿರಿ ಎನ್ನೋಣ. ತೂಕ 2442 ಕಿಲೋ, 48.84 ಚೀಲ. ಕಣದ ಎರಡು ದಿನದ ಕೆಲಸ ಉಳಿಯಿತು, ಒಂದೂವರೆ ಚೀಲ ಜಾಸ್ತಿಯೂ ಬಂತು. ವ್ಯಾಪಾರಿ ಮೀಟರ್ ಇಟ್ಟು 14 ಓದುತ್ತಾರೆ. ಒಟಿ 27 ಬಂದಿದ್ದರೂ ತೇವಕ್ಕೆ 1.5 ಪಾಯಿಂಟ್ ಕಳೆದು 25.5 ಎಂದು ಬರೆಯುತ್ತಾರೆ.

ನ್ಯಾಯವಾದ ಒಟಿ ಕಂಡುಹಿಡಿಯುವುದು ಹೀಗೆ. 100ರಿಂದ ನಿಮ್ಮ ಕಾಫಿಯ ತೇವ ಕಳೆಯಿರಿ, 86 ಬರುತ್ತದೆ. ಅದನ್ನು ಒಟಿ 27ರಿಂದ ಗುಣಿಸಿ. ಬಂದದ್ದನ್ನು 89ರಿಂದ ಭಾಗಿಸಿ. 26.09. ಅಂದರೆ ಸರಿಯಾದ ಕಟ್ 0.9 ಪಾಯಿಂಟ್, 1.5 ಅಲ್ಲ. ಬಾಯಿಲೆಕ್ಕಕ್ಕೆ ಬೇಕಾದರೆ, 11ರ ಮೇಲಿನ ಒಂದೊಂದು ಪರ್ಸೆಂಟ್ ತೇವಕ್ಕೆ 0.3 ಪಾಯಿಂಟ್ ಎಂದು ಇಟ್ಟುಕೊಳ್ಳಿ. 25ರಿಂದ 28ರ ಒಟಿಗೆಲ್ಲ ಅದು ಸಾಕಷ್ಟು ಹತ್ತಿರ ಬರುತ್ತದೆ.

26.09ಕ್ಕೆ ಲೆಕ್ಕ ಹಾಕಿದರೆ ಹಣ 11 ಪರ್ಸೆಂಟಿಗೆ ಒಣಗಿಸಿದಾಗಿನಷ್ಟೇ ಬರುತ್ತದೆ. 25.5ಕ್ಕೆ ಹಾಕಿದರೆ 4,98,168 ರೂಪಾಯಿ. ಸುಮಾರು 11,600 ರೂಪಾಯಿ ಕಡಿಮೆ. ಹೀಗಾಗಿ ಹಸಿ ಕಾಫಿ ಮಾರಿದರೆ ತೂಕದಲ್ಲಿ ಲಾಭ ಎಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಕಟ್ ನ್ಯಾಯವಾಗಿದ್ದರೆ ಸಮ, ಇಲ್ಲದಿದ್ದರೆ ನಷ್ಟ. ವ್ಯಾಪಾರಿಯ ಕಡೆಯೂ ಒಂದು ಮಾತಿದೆ. ಹಸಿ ಕಾಫಿಯನ್ನು ಅವರು ಮತ್ತೆ ಹರಡಿ ಒಣಗಿಸಬೇಕು, ಅದಕ್ಕೆ ಆಳು, ಜಾಗ ಬೇಕು. ಹಾಗಾಗಿ 0.9ರ ಮೇಲೆ ಸ್ವಲ್ಪ ಕೇಳಿದರೆ ಒಪ್ಪಬಹುದು. ಎಷ್ಟು ಎಂಬುದನ್ನು ಒಣಗಿಸುವ ಖರ್ಚು ಎಂದು ಬೇರೆಯಾಗಿ ಮಾತಾಡಿ, ಪಾಯಿಂಟಿನೊಳಗೆ ಬೆರೆಸಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಸಿಪ್ಪೆ ಬೀಜಕ್ಕಿಂತ ಬೇಗ ಗಾಳಿಯ ತೇವ ಹೀರುತ್ತದೆ. ಮಂಜಿನ ಬೆಳಗ್ಗೆ ತೆರೆದ ಗಾಡಿಯಲ್ಲಿ ಚೀಲ ಸಾಗಿಸಿದರೆ ಸಿಪ್ಪೆ ಮೆತ್ತಗಾಗಿ ಅದರ ತೂಕ ಏರುತ್ತದೆ, ಬೀಜ ಹಾಗೇ ಇರುತ್ತದೆ. ಆಗ ಮಾದರಿಯಲ್ಲಿ ಒಟಿ ತಾನಾಗಿಯೇ ಕಡಿಮೆ ಬರುತ್ತದೆ. ಅಂದರೆ ಸಿಪ್ಪೆಯ ತೇವದ ಕಟ್ ಒಟಿಯಲ್ಲೇ ಆಗಿಹೋಗಿದೆ. ಅದರ ಮೇಲೆ ಸಿಪ್ಪೆ ಮೆತ್ತಗಿದೆ ಎಂದು ಇನ್ನೊಮ್ಮೆ ಕಳೆದರೆ ಎರಡು ಸಲ ಕಳೆದಂತೆ. ಮೀಟರನ್ನು ಸಿಪ್ಪೆ ತೆಗೆದ ಬೀಜಕ್ಕೆ ಇಟ್ಟು ಓದಲು ಕೇಳಿ. ಕಟ್ ಆಗಬೇಕಿರುವುದು ಬೀಜದ ತೇವಕ್ಕೆ ಮಾತ್ರ.

ಗ್ರೇಡ್ ಮಾಡಿಸಿ ಮಾರುವುದು ಯಾವಾಗ ಗಿಟ್ಟುತ್ತದೆ

ಪಾಯಿಂಟ್ ದರದಲ್ಲಿ ಎಲ್ಲ ಬೀಜಕ್ಕೂ ಒಂದೇ ಬೆಲೆ. ಕ್ಯೂರಿಂಗ್ ವರ್ಕ್ಸ್‌ಗೆ ಕೊಟ್ಟು ಹಲ್ಲಿಂಗ್, ಗ್ರೇಡಿಂಗ್ ಮಾಡಿಸಿದರೆ ಒಂದೊಂದು ಗ್ರೇಡಿಗೆ ಒಂದೊಂದು ಬೆಲೆ. ರೋಬಸ್ಟಾ ಚೆರ್ರಿಯಲ್ಲಿ ದಪ್ಪ ಬೀಜ ಎಬಿ. ಅದಕ್ಕಿಂತ ಸಣ್ಣದು ಸಿ. ಒಂದೇ ಬೀಜ ಗುಂಡಗೆ ಬೆಳೆದದ್ದು ಪೀಬೆರಿ, ಅಂದರೆ ಪಿಬಿ. ಕಪ್ಪು, ಕಂದು, ಚೂರು ಎಲ್ಲ ಸೇರಿದ್ದು ಬಿಬಿಬಿ.

ನಮ್ಮ ಕಾಫಿಯ ಬೀಜ 47.2 ಚೀಲಕ್ಕೆ 27ರಂತೆ 1274 ಕಿಲೋ. ಕ್ಯೂರಿಂಗ್‌ನಲ್ಲಿ ಧೂಳು, ಸೋರಿಕೆ ಎಂದು 1 ಪರ್ಸೆಂಟ್ ಹೋಯಿತು ಎನ್ನೋಣ. 1261 ಕಿಲೋ ಉಳಿಯಿತು. ನೂರರಲ್ಲಿ ಎಬಿ 65, ಪಿಬಿ 15, ಸಿ 12, ಬಿಬಿಬಿ 8 ಬಂತು. ದರ ಎಬಿ ಮತ್ತು ಪಿಬಿಗೆ 425, ಸಿಗೆ 405, ಬಿಬಿಬಿಗೆ 350 ಎಂದಿಟ್ಟುಕೊಳ್ಳಿ. ಸರಾಸರಿ ಕಿಲೋಗೆ 416.60 ರೂಪಾಯಿ ಬೀಳುತ್ತದೆ. ಒಟ್ಟು 5,25,333. ಸಾಗಣೆ, ಹಲ್ಲಿಂಗ್, ಆರಿಸುವ ಕೂಲಿ ಎಲ್ಲ ಸೇರಿ ಕಿಲೋಗೆ 8 ರೂಪಾಯಿ ಖರ್ಚು ಎಂದರೆ 10,088. ಕೈಗೆ 5,15,245. ಸಿಪ್ಪೆ ಸಮೇತ ಮಾರಿದ್ದಕ್ಕಿಂತ ಸುಮಾರು 5,500 ಜಾಸ್ತಿ.

ಈಗ ಬಿಬಿಬಿ 8ರ ಬದಲು 16 ಆಗಿ, ಎಬಿ 57ಕ್ಕೆ ಇಳಿದರೆ? ಸರಾಸರಿ 410.60ಕ್ಕೆ ಬರುತ್ತದೆ. ಖರ್ಚು ಕಳೆದರೆ ಕೈಗೆ ಸುಮಾರು 5,07,700. ಸಿಪ್ಪೆ ಸಮೇತ ಮಾರಿದ್ದೇ ವಾಸಿ ಎನ್ನುವಂತಾಯಿತು. ನಡುವೆ ಕಾದ ದಿನಗಳು, ಸಾಲದ ಬಡ್ಡಿ ಬೇರೆ.

ಹಾಗಾಗಿ ಕ್ಯೂರಿಂಗ್‌ಗೆ ಕೊಡುವ ಮುಂಚೆ ಒಟಿ ನೋಡಲು ಸಿಪ್ಪೆ ತೆಗೆದ ಅದೇ 270 ಗ್ರಾಂ ಬೀಜವನ್ನು ತಟ್ಟೆಯಲ್ಲಿ ಹರಡಿ, ಕಪ್ಪು, ಕಂದು, ಚೂರು ಆರಿಸಿ ತೂಗಿ. ಈ ದರಗಳಲ್ಲಿ 20, 22 ಗ್ರಾಂ ಒಳಗೆ ಇದ್ದರೆ ಗ್ರೇಡ್ ಮಾಡಿಸುವುದನ್ನು ಯೋಚಿಸಬಹುದು. 40 ಗ್ರಾಂ ದಾಟಿದರೆ ಪಾಯಿಂಟ್ ದರಕ್ಕೆ ಕೊಡುವುದು ಸರಿ. ಆದರೆ ಆಗ ವ್ಯಾಪಾರಿಯೂ ಕಪ್ಪು ಬೀಜಕ್ಕೆ ಕಟ್ ಕೇಳಬಹುದು. ದರ ಮಾತಾಡುವಾಗಲೇ ಅದನ್ನೂ ಕೇಳಿ ಇತ್ಯರ್ಥ ಮಾಡಿಕೊಳ್ಳಿ.

ಅರೇಬಿಕಾ ಪಾರ್ಚ್‌ಮೆಂಟ್ ಮಾರುವವರಿಗೂ ಇದೇ ಹೆಜ್ಜೆಗಳು. ಸಂಖ್ಯೆ ಮಾತ್ರ ಬೇರೆ. ಅಲ್ಲಿ ತಿರುಳು ಮೊದಲೇ ಹೋಗಿರುವುದರಿಂದ 50 ಕಿಲೋ ಚೀಲಕ್ಕೆ 40 ಕಿಲೋ ಆಸುಪಾಸು ಬೀಜ ಬರುತ್ತದೆ, ಒಣಗಿಸುವ ಗುರಿ 10 ಪರ್ಸೆಂಟ್. ಅರೇಬಿಕಾ ಚೆರ್ರಿಗೆ 10.5. ಮೇಲಿನ ಲೆಕ್ಕದಲ್ಲಿ 89 ಇರುವಲ್ಲಿ 90 ಅಥವಾ 89.5 ಹಾಕಿ.

ಹಣ್ಣನ್ನೇ ಮಾರಲು ಕೇಳಿದರೆ

ಕೊಯ್ಲಿನ ಸಮಯದಲ್ಲಿ ಹಸಿ ಹಣ್ಣನ್ನೇ ಕಿಲೋ ಲೆಕ್ಕದಲ್ಲಿ ಕೊಳ್ಳಲು ಬರುವವರಿದ್ದಾರೆ. ಕಣ ಚಿಕ್ಕದಿದ್ದವರಿಗೆ, ಆಳಿಲ್ಲದವರಿಗೆ ಇದು ಅನುಕೂಲವೇ. ಯಾವ ದರಕ್ಕೆ ಒಪ್ಪಬೇಕು ಎಂಬುದಕ್ಕೆ ಈಗ ನಿಮ್ಮ ಹತ್ತಿರ ಸಂಖ್ಯೆ ಇದೆ. 100 ಕಿಲೋ ಹಣ್ಣಿಗೆ 39.3 ಕಿಲೋ ಚೆರ್ರಿ. ಒಟಿ 27ರಂತೆ ಅದರಲ್ಲಿ 21.2 ಕಿಲೋ ಬೀಜ. ಅಂದರೆ ಒಂದು ಕಿಲೋ ಬೀಜಕ್ಕೆ ಸುಮಾರು 4.7 ಕಿಲೋ ಹಣ್ಣು ಬೇಕು. ಪಾಯಿಂಟ್ ದರ 400ನ್ನು 4.7ರಿಂದ ಭಾಗಿಸಿದರೆ ಕಿಲೋ ಹಣ್ಣಿಗೆ 85 ರೂಪಾಯಿ.

ಇದರಿಂದ ಒಣಗಿಸುವ ಕೂಲಿ, ಟಾರ್ಪಲ್, ಚೀಲ, ಅಂಗಡಿಗೆ ಸಾಗಿಸುವ ಖರ್ಚು ಕಳೆಯಿರಿ. ನಿಮ್ಮ ತೋಟದಲ್ಲಿ ಅದು ಹಣ್ಣಿನ ಕಿಲೋಗೆ 5 ರೂಪಾಯಿ ಬಿದ್ದರೆ, 80ಕ್ಕೆ ಹಣ್ಣು ಮಾರುವುದೂ ಒಣಗಿಸಿ ಮಾರುವುದೂ ಸಮ. 72 ಕೊಡುತ್ತೇನೆ ಎಂದರೆ 6000 ಕಿಲೋಗೆ 48,000 ರೂಪಾಯಿ ಬಿಟ್ಟುಕೊಟ್ಟಂತೆ. 78 ಎಂದರೆ 12,000. ಒಣಗಿಸಲು ಹದಿನೈದು ದಿನ ಬೇಕು, ಆ ನಡುವೆ ಜನವರಿಯಲ್ಲಿ ಅಕಾಲ ಮಳೆ ಬಂದರೆ ಕಣದ ಕಾಫಿ ಕಪ್ಪಾಗುವ ಭಯ ಇದೆ. ಮೋಡ ಕಟ್ಟಿರುವ ವಾರದಲ್ಲಿ, ಮುಚ್ಚಲು ಸರಿಯಾದ ಜಾಗ ಇಲ್ಲದಿದ್ದರೆ, ಆ 78ಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಬಿಸಿಲು ಗಟ್ಟಿಯಾಗಿದ್ದು ಕಣ ಖಾಲಿ ಇದ್ದರೆ 80ಕ್ಕಿಂತ ಕೆಳಗೆ ಇಳಿಯಬೇಡಿ.